ಕಾಲೇಜಿನ ಚಾವಣಿಗೆ ಸೌರ ಫಲಕ: ಆಡಳಿತ ಮಂಡಳಿಯ ಮುಂದಿಡುವ ಖರ್ಚು–ಉಳಿತಾಯದ ಲೆಕ್ಕ (ಪದೇ ಪದೇ ಕೇಳುವ ಪ್ರಶ್ನೆಗಳು)

ಸೌರ ಫಲಕದ ಪ್ರಸ್ತಾವ ಆಡಳಿತ ಮಂಡಳಿಯ ಸಭೆಗೆ ಬಂದಾಗ ಸದಸ್ಯರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಅವಕ್ಕೆ ಲೆಕ್ಕದ ಸಮೇತ ಉತ್ತರ ಕೊಡುವುದಕ್ಕಾಗಿ ಇಲ್ಲಿ ಮಾದರಿಯಾಗಿ ಒಂದು ಕಾಲೇಜನ್ನು ಇಟ್ಟುಕೊಳ್ಳಲಾಗಿದೆ. ಅದು ಟ್ರಸ್ಟ್ ನಡೆಸುವ, ಹಾಸ್ಟೆಲ್ ಇಲ್ಲದ, ಕರ್ನಾಟಕದ ಬಯಲುಸೀಮೆಯ ತಾಲ್ಲೂಕು ಕೇಂದ್ರದಲ್ಲಿರುವ ಪದವಿ ಕಾಲೇಜು. ಅದಕ್ಕೆ ಮಂಜೂರಾಗಿರುವ ವಿದ್ಯುತ್ ಲೋಡ್ 50 ಕಿಲೋವ್ಯಾಟ್, ವರ್ಷದ ಬಳಕೆ 40,000 ಯೂನಿಟ್, ವರ್ಷದ ಬಿಲ್ಲು 4,20,000 ರೂಪಾಯಿ. ದರಗಳನ್ನು ಲೆಕ್ಕ ತೋರಿಸುವ ಸಲುವಾಗಿ ಹಿಡಿಯಲಾಗಿದೆ. ನಿಮ್ಮ ಸಂಸ್ಥೆಯ ಬಿಲ್ಲು ಮತ್ತು ನಿಮಗೆ ಬಂದ ದರಪಟ್ಟಿಯ ಅಂಕಿಗಳನ್ನು ಅದೇ ಜಾಗಗಳಲ್ಲಿ ತುಂಬಿದರೆ ನಿಮ್ಮ ಲೆಕ್ಕ ಸಿಗುತ್ತದೆ.

ನಮ್ಮ ಬಿಲ್ಲನ್ನು ಯೂನಿಟ್‌ಗಳಿಂದ ಭಾಗಿಸಿದರೆ ಯೂನಿಟ್‌ಗೆ ಹತ್ತೂವರೆ ರೂಪಾಯಿ ಬರುತ್ತದೆ. ಪ್ರತಿ ಯೂನಿಟ್‌ಗೂ ಅಷ್ಟೇ ಉಳಿಯುತ್ತದೆಯೇ?

ಇಲ್ಲ. ಈ ಒಂದು ತಪ್ಪು ಬಜೆಟ್ ಪ್ರಸ್ತಾವಗಳಲ್ಲಿ ಬಹಳ ಕಂಡುಬರುತ್ತದೆ. ಬಿಲ್ಲಿನಲ್ಲಿ ಎರಡು ಬಗೆಯ ಹಣ ಬೆರೆತಿರುತ್ತದೆ. ಒಂದು ಮಂಜೂರಾದ ಲೋಡ್‌ಗೆ ಕೊಡುವ ನಿಗದಿತ ಶುಲ್ಕ. ಇದನ್ನು ಒಂದೇ ಒಂದು ಯೂನಿಟ್ ಬಳಸದ ತಿಂಗಳಲ್ಲೂ ಕಟ್ಟಬೇಕು. ಇನ್ನೊಂದು ಬಳಸಿದ ಯೂನಿಟ್‌ಗಳ ಶುಲ್ಕ, ಅದರ ಮೇಲಿನ ಇಂಧನ ಹೊಂದಾಣಿಕೆ ಮತ್ತು ತೆರಿಗೆ. ಸೌರ ಫಲಕ ತಗ್ಗಿಸುವುದು ಎರಡನೆಯದನ್ನು ಮಾತ್ರ.

ಮಾದರಿ ಕಾಲೇಜಿನ ನಿಗದಿತ ಶುಲ್ಕವನ್ನು ಕಿಲೋವ್ಯಾಟ್‌ಗೆ ತಿಂಗಳಿಗೆ 200 ರೂಪಾಯಿ ಎಂದು ಹಿಡಿದರೆ ತಿಂಗಳಿಗೆ 10,000, ವರ್ಷಕ್ಕೆ 1,20,000 ರೂಪಾಯಿ ಆಗುತ್ತದೆ. ಉಳಿದ 3,00,000 ರೂಪಾಯಿಯನ್ನು 40,000 ಯೂನಿಟ್‌ಗಳಿಂದ ಭಾಗಿಸಿದರೆ ಯೂನಿಟ್‌ಗೆ 7.50 ರೂಪಾಯಿ. ನಮ್ಮ ಲೆಕ್ಕ ನಡೆಯಬೇಕಾದುದು ಈ ಏಳೂವರೆ ರೂಪಾಯಿಯ ಮೇಲೆ. ಹತ್ತೂವರೆ ಹಿಡಿದು ಮಂಡಿಸಿದ ಪ್ರಸ್ತಾವ ಸಭೆಯಲ್ಲಿ ಸುಲಭವಾಗಿ ಪಾಸಾಗುತ್ತದೆ, ಆದರೆ ಮೊದಲ ವರ್ಷದ ಲೆಕ್ಕಪರಿಶೋಧನೆಯಲ್ಲಿ ಖಜಾಂಚಿಯವರು ಉತ್ತರ ಹೇಳಬೇಕಾಗುತ್ತದೆ.

ಪ್ರಸಂಗವಶಾತ್ ಇನ್ನೊಂದು ಮಾತು. ಹಿಂದಿನ ಹನ್ನೆರಡು ಬಿಲ್ಲುಗಳಲ್ಲಿ ದಾಖಲಾದ ಗರಿಷ್ಠ ಬೇಡಿಕೆ 32 ಕಿಲೋವ್ಯಾಟ್ ದಾಟಿಲ್ಲದಿದ್ದರೆ, ಮಂಜೂರಾದ ಲೋಡನ್ನು 50ರಿಂದ 40ಕ್ಕೆ ಇಳಿಸಲು ಅರ್ಜಿ ಹಾಕಿದರೆ ಸಾಕು, ಯಾವ ಫಲಕವೂ ಇಲ್ಲದೆ ವರ್ಷಕ್ಕೆ 24,000 ರೂಪಾಯಿ ಉಳಿಯುತ್ತದೆ. ತೀರಾ ಅಂಚಿಗೆ ಇಳಿಸಬಾರದು, ಮೀರಿದರೆ ದಂಡ ಬೀಳುತ್ತದೆ. ಚಾವಣಿ ಘಟಕದ ಸಾಮರ್ಥ್ಯಕ್ಕೂ ಮಂಜೂರಾದ ಲೋಡೇ ಮಿತಿಯಾದ್ದರಿಂದ, ಎಷ್ಟು ಕಿಲೋವ್ಯಾಟ್ ಹಾಕಿಸುವುದೆಂದು ತೀರ್ಮಾನಿಸಿದ ಮೇಲೆಯೇ ಈ ಅರ್ಜಿ ಹೋಗಬೇಕು.

ನಮ್ಮ ಚಾವಣಿಯಿಂದ ವರ್ಷಕ್ಕೆ ಎಷ್ಟು ಯೂನಿಟ್ ನಿರೀಕ್ಷಿಸಬಹುದು?

ರಾಜ್ಯದ ಬಯಲುಸೀಮೆಯಲ್ಲಿ ಒಂದು ಕಿಲೋವ್ಯಾಟ್ ಫಲಕದಿಂದ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್‌ನ ಆಸುಪಾಸು, ವರ್ಷಕ್ಕೆ ಸುಮಾರು 1,400 ಯೂನಿಟ್ ಎಂದು ಹಿಡಿಯುವುದು ಎಚ್ಚರಿಕೆಯ ಅಂದಾಜು. ಮಲೆನಾಡು ಮತ್ತು ಕರಾವಳಿಯಲ್ಲಿ ಮಳೆಗಾಲ ಉದ್ದವಾದ್ದರಿಂದ ಇದಕ್ಕಿಂತ ಕಡಿಮೆ ಹಿಡಿಯಬೇಕು. ಸರಾಸರಿಗಿಂತಲೂ ತಿಂಗಳವಾರು ಏರಿಳಿತ ನಮಗೆ ಮುಖ್ಯ. ಮಾರ್ಚ್ ತಿಂಗಳಲ್ಲಿ ಕಿಲೋವ್ಯಾಟ್‌ಗೆ 145 ಯೂನಿಟ್‌ವರೆಗೆ ಬರುವ ಕಡೆ ಮೋಡ ಕವಿದ ಜುಲೈನಲ್ಲಿ 95ಕ್ಕೆ ಇಳಿಯಬಹುದು. ಏಪ್ರಿಲ್ ಮತ್ತು ಮೇ ತಿಂಗಳುಗಳು ಉತ್ಪಾದನೆಯಲ್ಲಿ ಮೇಲಿನ ಸಾಲಿನಲ್ಲಿಯೇ ಇರುತ್ತವೆ. ಬಿಸಿಲು ಹೆಚ್ಚಿದಷ್ಟೂ ಉತ್ಪಾದನೆ ಹೆಚ್ಚು ಎಂದು ತಿಳಿಯುವುದು ಮಾತ್ರ ಪೂರ್ತಿ ಸರಿಯಲ್ಲ. ಫಲಕಕ್ಕೆ ಬೇಕಾದುದು ಬೆಳಕು. ಮೈ ಕಾದಷ್ಟೂ ಅದರ ಇಳುವರಿ ಕುಗ್ಗುತ್ತದೆ. ಮೇ ತಿಂಗಳ ಸುಡುಬಿಸಿಲಿಗಿಂತ ಫೆಬ್ರವರಿಯ ತಿಳಿ ಆಕಾಶದಲ್ಲಿ ಒಂದು ದಿನದ ಉತ್ಪಾದನೆ ಹೆಚ್ಚಿರಬಹುದಾದುದು ಈ ಕಾರಣಕ್ಕೆ.

ಚಾವಣಿ ದೊಡ್ಡದಿದೆ, ಮಂಜೂರಾದ ಲೋಡ್ 50 ಕಿಲೋವ್ಯಾಟ್ ಇದೆ. ಅಷ್ಟನ್ನೂ ಹಾಕಿಸುವುದೇ ಲಾಭವಲ್ಲವೇ?

ಗುತ್ತಿಗೆದಾರರು ಕೊಡುವ ಸಲಹೆ ಸಾಮಾನ್ಯವಾಗಿ ಇದೇ, ಮತ್ತು ಈ ಇಡೀ ಬಜೆಟ್‌ನ ಗಂಟು ಇರುವುದೂ ಇಲ್ಲಿಯೇ. ಅವರ ಹಾಳೆಯಲ್ಲಿ ಲೆಕ್ಕ ಸರಳವಾಗಿರುತ್ತದೆ: 50 ಕಿಲೋವ್ಯಾಟ್‌ಗೆ ವರ್ಷಕ್ಕೆ 70,000 ಯೂನಿಟ್, ಯೂನಿಟ್‌ಗೆ ಏಳೂವರೆಯಂತೆ 5,25,000 ರೂಪಾಯಿ ಉಳಿತಾಯ. ಆದರೆ ಕಾಲೇಜು ಯೂನಿಟ್ ಶುಲ್ಕವೆಂದು ವರ್ಷಕ್ಕೆ ಕಟ್ಟುತ್ತಿರುವುದೇ 3,00,000 ರೂಪಾಯಿ. ಕಟ್ಟದೆ ಇದ್ದ ಹಣವನ್ನು ಉಳಿಸುವುದು ಹೇಗೆ ಎಂದು ಸದಸ್ಯರಲ್ಲಿ ಒಬ್ಬರಾದರೂ ಕೇಳಬೇಕು.

ನೆಟ್ ಮೀಟರಿಂಗ್ ವ್ಯವಸ್ಥೆಯಲ್ಲಿ ನಾವು ಗ್ರಿಡ್‌ಗೆ ಕೊಟ್ಟ ಯೂನಿಟ್‌ಗಳನ್ನು ಗ್ರಿಡ್‌ನಿಂದ ಪಡೆದ ಯೂನಿಟ್‌ಗಳಿಂದ ಕಳೆಯಲಾಗುತ್ತದೆ. ಈ ಲೆಕ್ಕ ಬಿಲ್ಲಿನ ಒಂದು ತಿಂಗಳೊಳಗೆ ಚುಕ್ತಾ ಆಗುವುದರಿಂದ, ಭಾನುವಾರ ಮಿಕ್ಕ ವಿದ್ಯುತ್ತು ಸೋಮವಾರದ ಬಳಕೆಗೆ ಒದಗುತ್ತದೆ. ಏಪ್ರಿಲ್‌ನಲ್ಲಿ ಮಿಕ್ಕದ್ದು ಜೂನ್‌ನ ಬಳಕೆಗೆ ಒದಗುವುದಿಲ್ಲ. ತಿಂಗಳ ಕೊನೆಯಲ್ಲಿ ಮಿಕ್ಕ ಯೂನಿಟ್‌ಗಳಿಗೆ ಒಪ್ಪಂದದಲ್ಲಿ ನಮೂದಾದ ಖರೀದಿ ದರದಲ್ಲಿ ಹಣ ಸಿಗುತ್ತದೆ, ಮತ್ತು ಆ ದರ ನಾವು ಕೊಡುವ ದರದ ಅರ್ಧಕ್ಕೂ ಕಡಿಮೆ. ಇಲ್ಲಿ ಅದನ್ನು 3 ರೂಪಾಯಿ ಎಂದು ಹಿಡಿಯಲಾಗಿದೆ.

ಕಾಲೇಜಿನ ಬಳಕೆಯ ಸ್ವಭಾವವೇ ಬೇರೆ. ಫೆಬ್ರವರಿ, ಮಾರ್ಚ್‌ನಲ್ಲಿ ಫ್ಯಾನುಗಳು ತಿರುಗಿ ತಿಂಗಳಿಗೆ 4,200–4,300 ಯೂನಿಟ್ ಖರ್ಚಾದರೆ, ಏಪ್ರಿಲ್‌ನಲ್ಲಿ 1,400 ಮತ್ತು ಮೇ ತಿಂಗಳಲ್ಲಿ 1,100 ಯೂನಿಟ್ ಮಾತ್ರ. ಕಚೇರಿ, ಪಂಪು, ರಾತ್ರಿಯ ದೀಪಗಳನ್ನು ಬಿಟ್ಟರೆ ಉಳಿದೆಲ್ಲಕ್ಕೂ ಬೀಗ ಬಿದ್ದಿರುತ್ತದೆ. ದಸರೆಯ ರಜೆಯಿಂದ ಅಕ್ಟೋಬರ್‌ನಲ್ಲೂ ಬಳಕೆ 2,900ಕ್ಕೆ ಇಳಿಯುತ್ತದೆ. ಹೀಗೆ ಚಾವಣಿ ಕೈತುಂಬ ಕೊಡುವ ತಿಂಗಳುಗಳಲ್ಲೇ ಕಾಲೇಜಿಗೆ ಅದು ಬೇಡವಾಗಿರುತ್ತದೆ. ಹನ್ನೆರಡು ತಿಂಗಳನ್ನು ಒಂದೊಂದಾಗಿ ಕಳೆದು ಕೂಡಿಸಿದಾಗ ಬರುವ ಚಿತ್ರ ಹೀಗಿದೆ:

| ವಿವರ | 30 ಕಿಲೋವ್ಯಾಟ್ | 50 ಕಿಲೋವ್ಯಾಟ್ |
|---|---|---|
| ವರ್ಷದ ಉತ್ಪಾದನೆ, ಯೂನಿಟ್ | 42,000 | 70,000 |
| ಬಿಲ್ಲಿನಲ್ಲಿ ಕಡಿತವಾಗುವುದು, ಯೂನಿಟ್ | 36,040 | 40,000 |
| ತಿಂಗಳ ಕೊನೆಗೆ ಮಿಕ್ಕು ಮಾರಾಟವಾಗುವುದು, ಯೂನಿಟ್ | 5,960 | 30,000 |
| ವರ್ಷದ ಒಟ್ಟು ಉಳಿತಾಯ, ರೂಪಾಯಿ | 2,88,180 | 3,90,000 |

50 ಕಿಲೋವ್ಯಾಟ್‌ನ ಉಳಿತಾಯ ಹಾಳೆಯಲ್ಲಿದ್ದ 5,25,000 ಅಲ್ಲ, 3,90,000. ಮೊದಲ 30 ಕಿಲೋವ್ಯಾಟ್ 2,88,180 ರೂಪಾಯಿ ತಂದರೆ, ಅದರ ಮೇಲಿನ 20 ಕಿಲೋವ್ಯಾಟ್ ತರುವುದು 1,01,820 ಮಾತ್ರ. ಆ 20 ಕಿಲೋವ್ಯಾಟ್‌ಗೆ ಹೆಚ್ಚುವರಿಯಾಗಿ ಬೀಳುವ ಖರ್ಚು ಸುಮಾರು ಒಂಬತ್ತೂವರೆ ಲಕ್ಷ. ನಿರ್ವಹಣೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದರೂ ಅಸಲು ಮರಳಲು ಒಂಬತ್ತು ವರ್ಷಕ್ಕೂ ಹೆಚ್ಚು ಬೇಕು. ಆದ್ದರಿಂದ ಈ ಪ್ರಸ್ತಾವ 30 ಕಿಲೋವ್ಯಾಟ್‌ಗೆ ನಿಲ್ಲುತ್ತದೆ. ಹಾಸ್ಟೆಲ್ ಇದ್ದು ರಜೆಯಲ್ಲೂ ಬಳಕೆ ನಡೆಯುವ ಸಂಸ್ಥೆಯಲ್ಲಿ, ವರ್ಷವಿಡೀ ಒಂದೇ ಸಮನೆ ಬಳಕೆಯಿರುವ ಆಸ್ಪತ್ರೆಯಲ್ಲಿ ಇದೇ ಲೆಕ್ಕ ದೊಡ್ಡ ಘಟಕದ ಕಡೆಗೆ ವಾಲಬಹುದು.

ನೆಟ್ ಮೀಟರಿಂಗ್ ಅರ್ಹತೆಯ ಬಗ್ಗೆ ಸಂದೇಹ ಬೇಡ. ಕೇಂದ್ರದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ 2021ರಲ್ಲಿ ಆದ ತಿದ್ದುಪಡಿಯು 500 ಕಿಲೋವ್ಯಾಟ್ ಅಥವಾ ಮಂಜೂರಾದ ಲೋಡ್, ಇವೆರಡರಲ್ಲಿ ಯಾವುದು ಕಡಿಮೆಯೋ ಅಲ್ಲಿಯವರೆಗೆ ಅದಕ್ಕೆ ಅವಕಾಶ ಕೊಟ್ಟಿದೆ.

ಆರಂಭದಲ್ಲಿ ಒಟ್ಟು ಎಷ್ಟು ಹಣ ಬೇಕು?

ದರಪಟ್ಟಿಯಲ್ಲಿ ಕಿಲೋವ್ಯಾಟ್‌ಗೆ 48,000 ರೂಪಾಯಿ ಇದೆ ಎಂದು ಇಟ್ಟುಕೊಂಡರೆ 30 ಕಿಲೋವ್ಯಾಟ್‌ಗೆ 14,40,000 ರೂಪಾಯಿ. ಇದರಲ್ಲಿ ಫಲಕ, ಫಲಕದ ವಿದ್ಯುತ್ತನ್ನು ಗ್ರಿಡ್‌ಗೆ ಹೊಂದುವಂತೆ ಬದಲಿಸುವ ಇನ್ವರ್ಟರ್, ಸತು ಲೇಪಿತ ಉಕ್ಕಿನ ಚೌಕಟ್ಟು, ಕೇಬಲ್, ಅರ್ಥಿಂಗ್, ಸಿಡಿಲು ನಿರೋಧಕ ಮತ್ತು ಜೋಡಣೆ ಸೇರಿರಬೇಕು.

ಇದರ ಮೇಲೆ ಜಿಎಸ್‌ಟಿ. ಸೌರ ಘಟಕದ ಗುತ್ತಿಗೆಯಲ್ಲಿ ಮೊತ್ತದ ಶೇ. 70 ಭಾಗವನ್ನು ಸರಕೆಂದೂ ಶೇ. 30 ಭಾಗವನ್ನು ಸೇವೆಯೆಂದೂ ಪರಿಗಣಿಸಲಾಗುತ್ತದೆ. ಸರಕಿನ ಭಾಗದ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ, ಸೇವೆಯ ಭಾಗಕ್ಕೆ ಶೇ. 18 ಮುಂದುವರಿದಿದೆ. ಎರಡನ್ನೂ ಸೇರಿಸಿದರೆ ಮೊದಲು ಶೇ. 13.8 ಬೀಳುತ್ತಿದ್ದುದು ಈಗ ಶೇ. 8.9 ಆಗುತ್ತದೆ. ಹಳೆಯ ದರಪಟ್ಟಿಯನ್ನೇ ತಿದ್ದಿ ಕಳಿಸಿದವರ ಹಾಳೆಯಲ್ಲಿ 13.8 ಉಳಿದಿದ್ದರೆ ನಮ್ಮ ಘಟಕದ ಮಟ್ಟಿಗೆ ಅದು 70,000 ರೂಪಾಯಿಯ ವ್ಯತ್ಯಾಸ. ಈಗಿನ ದರದಲ್ಲಿ ತೆರಿಗೆ 1,28,160 ರೂಪಾಯಿ. ಘಟಕದ ಮೊತ್ತ 15,68,160. ಶುಲ್ಕಕ್ಕೆ ಜಿಎಸ್‌ಟಿ ವಿಧಿಸದ ಶಿಕ್ಷಣ ಸಂಸ್ಥೆಗೆ ಈ ತೆರಿಗೆಯನ್ನು ಹೂಡುವಳಿ ತೆರಿಗೆಯಾಗಿ ಮರಳಿ ಪಡೆಯುವ ದಾರಿಯಿಲ್ಲ, ಪೂರ್ತಿ ಖರ್ಚೆಂದೇ ಬರೆಯಬೇಕು.

ದರಪಟ್ಟಿಯಲ್ಲಿ ಕಾಣದ ಖರ್ಚುಗಳೂ ಇವೆ. ಹಳೆಯ ಆರ್‌ಸಿಸಿ ಚಾವಣಿಯಲ್ಲಿ ಒಮ್ಮೆ ಚೌಕಟ್ಟು ನಿಂತರೆ ಅದರ ಕೆಳಗೆ ಸೋರಿಕೆ ಸರಿಪಡಿಸುವುದು ಇಪ್ಪತ್ತೈದು ವರ್ಷದ ತಲೆನೋವು, ಆದ್ದರಿಂದ ಜಲನಿರೋಧಕ ಲೇಪನ ಮೊದಲೇ ಆಗಬೇಕು. ಅದಕ್ಕೆ 70,000 ಇಡಲಾಗಿದೆ. ಫಲಕ ತೊಳೆಯಲು ಚಾವಣಿಯವರೆಗೆ ನೀರಿನ ಪೈಪು, ಭದ್ರವಾದ ಏಣಿ, ಓಡಾಡುವ ದಾರಿಗೆ 35,000. ಅರ್ಜಿ ಶುಲ್ಕ, ಎರಡೂ ದಿಕ್ಕಿನ ಮೀಟರ್, ಅದರ ಪರೀಕ್ಷೆ ಮತ್ತು ವಿದ್ಯುತ್ ಪರಿವೀಕ್ಷಣೆಗೆ ಒಟ್ಟು 45,000. ಇವು ಸೇರಿ 17,18,160 ಆಗುತ್ತದೆ. ಅನಿರೀಕ್ಷಿತ ಖರ್ಚಿಗೆ ಸ್ವಲ್ಪ ಬಿಟ್ಟು ಮಂಜೂರಾತಿ ಕೇಳಬೇಕಾದ ಮೊತ್ತ 18,00,000 ರೂಪಾಯಿ.

ಮೂವತ್ತು ಕಿಲೋವ್ಯಾಟ್‌ಗೆ ಚಾವಣಿಯಲ್ಲಿ ಸುಮಾರು 3,000 ಚದರಡಿ ನೆರಳಿಲ್ಲದ ಜಾಗ ಬೇಕಾಗುತ್ತದೆ. ನೀರಿನ ಟ್ಯಾಂಕಿನ ನೆರಳು ಡಿಸೆಂಬರ್‌ನಲ್ಲಿ ಉತ್ತರಕ್ಕೆ ಎಷ್ಟು ಉದ್ದ ಚಾಚುತ್ತದೆ ಎಂಬುದನ್ನು ನೋಡದೆ ಜೂನ್‌ನಲ್ಲಿ ಅಳತೆ ಮಾಡಿ ಹೋದವರ ನಕ್ಷೆಯನ್ನು ಹಾಗೆಯೇ ಒಪ್ಪಬಾರದು. ಒಂದು ಫಲಕದ ಅಂಚಿಗೆ ಬಿದ್ದ ನೆರಳು ಅದೇ ಸಾಲಿನಲ್ಲಿ ಜೋಡಿಸಿದ ಉಳಿದ ಫಲಕಗಳ ಉತ್ಪಾದನೆಯನ್ನೂ ಎಳೆದು ತಗ್ಗಿಸಬಲ್ಲದು.

ಸರ್ಕಾರದ ಸಬ್ಸಿಡಿ ಸಿಗುವುದಿಲ್ಲವೇ? ಪತ್ರಿಕೆಯಲ್ಲಿ 78,000 ರೂಪಾಯಿ ಎಂದು ಓದಿದ್ದೇವೆ.

ಅದು 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯದು, ಮತ್ತು ಅದು ಮನೆಗಳಿಗೆ ಮಾತ್ರ. ಕಾಲೇಜು, ಆಸ್ಪತ್ರೆ, ಕಲ್ಯಾಣ ಮಂಟಪಗಳಿಗೆ ಅನ್ವಯಿಸುವುದಿಲ್ಲ. ಪ್ರಸ್ತಾವದ ಆದಾಯದ ಸಾಲಿನಲ್ಲಿ ಸಬ್ಸಿಡಿ ಎಂಬ ಪದವೇ ಇರಬಾರದು.

ಇದರ ಜೊತೆಗೆ ಕೇಳಿಬರುವ ಇನ್ನೊಂದು ಮಾತು ಸವಕಳಿಯದು. ಸೌರ ಉಪಕರಣಗಳಿಗೆ ಆದಾಯ ತೆರಿಗೆಯಲ್ಲಿ ಶೇ. 40ರ ಸವಕಳಿ ಇರುವುದು ನಿಜ, ಅದರಿಂದ ಲಾಭದ ಮೇಲೆ ತೆರಿಗೆ ಕಟ್ಟುವ ಕಂಪನಿಗೆ ಮೊದಲ ವರ್ಷಗಳಲ್ಲಿ ದೊಡ್ಡ ಮೊತ್ತ ಉಳಿಯುತ್ತದೆ. ತೆರಿಗೆ ವಿನಾಯಿತಿ ಪಡೆದ ಟ್ರಸ್ಟ್‌ಗೆ ಉಳಿಸಲು ತೆರಿಗೆಯೇ ಇರುವುದಿಲ್ಲ. ಖರೀದಿಯ ಮೊತ್ತವನ್ನು ಆ ವರ್ಷದ ಆದಾಯದ ವಿನಿಯೋಗವೆಂದು ತೋರಿಸಿದ ಮೇಲೆ ಅದೇ ಆಸ್ತಿಗೆ ಮತ್ತೆ ಸವಕಳಿ ಕೇಳುವಂತೆಯೂ ಇಲ್ಲ. ಕಾರ್ಖಾನೆಗೆಂದು ಸಿದ್ಧಪಡಿಸಿದ ಹಾಳೆಯನ್ನೇ ಕಾಲೇಜಿಗೂ ಕೊಟ್ಟಾಗ ‘ಮೂರೂವರೆ ವರ್ಷದಲ್ಲಿ ಅಸಲು’ ಎಂಬ ಸಾಲು ಬರುವುದು ಇಲ್ಲಿಂದಲೇ.

ಹಾಗಾದರೆ ಅಸಲು ಮರಳಲು ನಿಜವಾಗಿ ಎಷ್ಟು ವರ್ಷ?

ಒಟ್ಟು ಉಳಿತಾಯ 2,88,180 ರೂಪಾಯಿಯಿಂದ ಪ್ರತಿ ವರ್ಷದ ಖರ್ಚುಗಳನ್ನು ಮೊದಲು ಕಳೆಯಬೇಕು. ತೊಳೆಯುವ ಕೂಲಿ, ವಿಮೆ, ವರ್ಷಕ್ಕೊಮ್ಮೆ ತಂತ್ರಜ್ಞರ ತಪಾಸಣೆ ಸೇರಿ 30,000 ಇಡಲಾಗಿದೆ. ಫಲಕಗಳಿಗೆ ಇಪ್ಪತ್ತೈದು ವರ್ಷದ ಉತ್ಪಾದನಾ ಖಾತರಿ ಇದ್ದರೂ ಇನ್ವರ್ಟರ್ ಅಷ್ಟು ಕಾಲ ಬಾಳುವುದಿಲ್ಲ. ಹತ್ತು–ಹನ್ನೆರಡು ವರ್ಷದಲ್ಲಿ ಒಮ್ಮೆ ಬದಲಿಸಬೇಕಾಗುತ್ತದೆ. ಅದಕ್ಕಾಗಿ ವರ್ಷಕ್ಕೆ 18,000ದಂತೆ ತೆಗೆದಿಟ್ಟರೆ ಹನ್ನೆರಡು ವರ್ಷದಲ್ಲಿ 2,16,000 ಕೂಡುತ್ತದೆ. ಇವೆರಡನ್ನೂ ಕಳೆದರೆ ವರ್ಷದ ನಿವ್ವಳ ಉಳಿತಾಯ 2,40,180 ರೂಪಾಯಿ.

ಹದಿನೆಂಟು ಲಕ್ಷವನ್ನು ಇದರಿಂದ ಭಾಗಿಸಿದರೆ ಏಳೂವರೆ ವರ್ಷ. ಫಲಕಗಳ ಶಕ್ತಿ ವರ್ಷಕ್ಕೆ ಶೇ. ಅರ್ಧದಿಂದ ಮುಕ್ಕಾಲಿನಷ್ಟು ಕುಂದುವುದನ್ನೂ ಸೇರಿಸಿದರೆ ಎಂಟರ ಹತ್ತಿರ ಬರುತ್ತದೆ. ಪ್ರಸ್ತಾವದಲ್ಲಿ ‘ಏಳೂವರೆಯಿಂದ ಎಂಟು ವರ್ಷ’ ಎಂದೇ ಬರೆಯುವುದು ಒಳ್ಳೆಯದು. ವಿದ್ಯುತ್ ದರ ಪ್ರತಿವರ್ಷ ಇಷ್ಟಿಷ್ಟು ಏರುತ್ತದೆ ಎಂದು ಊಹಿಸಿ ಈ ಅವಧಿಯನ್ನು ಕಿರಿದಾಗಿಸುವ ಪದ್ಧತಿಯೂ ಇದೆ, ಇಲ್ಲಿ ಅದನ್ನು ಬೇಕೆಂದೇ ಬಿಡಲಾಗಿದೆ. ಯೂನಿಟ್ ದರವನ್ನು ತಗ್ಗಿಸಿ ನಿಗದಿತ ಶುಲ್ಕವನ್ನು ಏರಿಸುವ ಆದೇಶವೂ ಬರಬಹುದು. ಹಾಗಾದಾಗ ಒಟ್ಟು ಬಿಲ್ಲು ಏರಿದರೂ ನಮ್ಮ ಉಳಿತಾಯ ಇಳಿಯುತ್ತದೆ.

ಆ ಹದಿನೆಂಟು ಲಕ್ಷವನ್ನು ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿಯಾಗಿ ಇಟ್ಟರೆ ಆಗದೇ?

ಸಭೆಯಲ್ಲಿ ಹಿರಿಯ ಸದಸ್ಯರು ಕೇಳುವ ಈ ಪ್ರಶ್ನೆ ನ್ಯಾಯವಾದದ್ದು, ತಳ್ಳಿಹಾಕುವಂತಹದಲ್ಲ. ಶೇ. 7ರ ಬಡ್ಡಿ ಎಂದು ಹಿಡಿದರೆ ವರ್ಷಕ್ಕೆ 1,26,000 ಬರುತ್ತದೆ, ಅಸಲು ಹಾಗೆಯೇ ಇರುತ್ತದೆ. ಫಲಕಗಳಿಂದ 2,40,180 ಬರುತ್ತದೆ, ಆದರೆ ಇಪ್ಪತ್ತೈದು ವರ್ಷದ ಕೊನೆಗೆ ಚೌಕಟ್ಟಿನ ಗುಜರಿ ಬೆಲೆ ಬಿಟ್ಟರೆ ಅಸಲು ಏನೂ ಉಳಿಯುವುದಿಲ್ಲ. ಆದ್ದರಿಂದ ಎರಡು ಮೊತ್ತಗಳನ್ನು ನೇರವಾಗಿ ಪಕ್ಕಪಕ್ಕದಲ್ಲಿಟ್ಟು ‘ಎರಡರಷ್ಟು ಲಾಭ’ ಎನ್ನುವುದು ತಪ್ಪು. ಅಸಲು ಕರಗುವುದನ್ನೂ ಉತ್ಪಾದನೆ ಕುಂದುವುದನ್ನೂ ಒಳಗೊಂಡು ಇಪ್ಪತ್ತೈದು ವರ್ಷದ ಹಣದ ಹರಿವನ್ನು ಲೆಕ್ಕ ಹಾಕಿದರೆ ಈ ಹೂಡಿಕೆಯ ಪ್ರತಿಫಲ ಶೇ. 12ರ ಸುಮಾರಿಗೆ ಬರುತ್ತದೆ. ಠೇವಣಿಗಿಂತ ಅದು ಮೇಲು, ಆದರೆ ಹಣ ಬೇಕಾದಾಗ ಚಾವಣಿಯನ್ನು ಮುರಿದು ನಗದು ಮಾಡಿಕೊಳ್ಳಲಾಗದು. ಮುಂದಿನ ಎರಡು ವರ್ಷದಲ್ಲಿ ಹೊಸ ಪ್ರಯೋಗಾಲಯವೋ ಕಟ್ಟಡವೋ ಕಾದಿದ್ದು, ಮೀಸಲು ನಿಧಿ ಅದಕ್ಕೆ ಮಾತ್ರ ಸಾಲುವಂತಿದ್ದರೆ ಫಲಕಗಳನ್ನು ಮುಂದೂಡುವುದೇ ಸರಿ.

ಸಾಲ ತೆಗೆದು ಹಾಕಿಸಿದರೆ ಉಳಿತಾಯದಿಂದಲೇ ಕಂತು ಕಟ್ಟಬಹುದೇ?

ಏಳು ವರ್ಷದ ಸಾಲದಲ್ಲಿ ಆಗದು. ಶೇ. 10ರ ಬಡ್ಡಿಗೆ 18 ಲಕ್ಷ ತೆಗೆದರೆ ತಿಂಗಳ ಕಂತು ಸುಮಾರು 29,900, ಅಂದರೆ ವರ್ಷಕ್ಕೆ 3,58,000ಕ್ಕೂ ಹೆಚ್ಚು. ನಿವ್ವಳ ಉಳಿತಾಯಕ್ಕಿಂತ ಇದು 1,18,000ದಷ್ಟು ಜಾಸ್ತಿ, ಆ ಕೊರತೆಯನ್ನು ಪ್ರತಿವರ್ಷ ಸಾಮಾನ್ಯ ನಿಧಿಯಿಂದ ತುಂಬಬೇಕು. ಹತ್ತು ವರ್ಷಕ್ಕೆ ಹಂಚಿದರೂ ವರ್ಷದ ಕಂತು 2,85,000 ದಾಟುತ್ತದೆ, ನಿರ್ವಹಣೆಯ ಖರ್ಚು ಆಗಲೂ ಕೈಯಿಂದಲೇ. ಅರ್ಧ ಸ್ವಂತ ಹಣ, ಅರ್ಧ ಸಾಲ ಎಂದರೆ ಏಳು ವರ್ಷದ ಕಂತು ವರ್ಷಕ್ಕೆ 1,79,000ದ ಸುಮಾರಿಗೆ ಇಳಿಯುವುದರಿಂದ ಉಳಿತಾಯದೊಳಗೇ ಕಂತು ಮುಗಿಯುತ್ತದೆ.

ಸ್ವಂತ ಹಣವಿಲ್ಲದೆ, ಬೇರೆ ಕಂಪನಿಯೇ ಫಲಕ ಹಾಕಿ ಯೂನಿಟ್‌ಗೆ ಇಷ್ಟೆಂದು ನಮಗೆ ಮಾರುವ ಪದ್ಧತಿಯೂ ಉಂಟು. ಅದರಲ್ಲಿ ದರಕ್ಕಿಂತ ಮೊದಲು ಓದಬೇಕಾದುದು ಕನಿಷ್ಠ ಖರೀದಿಯ ಷರತ್ತನ್ನು. ರಜೆಯ ತಿಂಗಳಲ್ಲಿ ಬಳಸದ ಯೂನಿಟ್‌ಗೂ ಪೂರ್ತಿ ದರ ಕೊಡಬೇಕೆಂದಿದ್ದರೆ, ಏಪ್ರಿಲ್–ಮೇ ತಿಂಗಳ ನಷ್ಟವೆಲ್ಲ ಕಾಲೇಜಿನ ತಲೆಗೆ ಬರುತ್ತದೆ.

ಫಲಕ ಹಾಕಿದ ಮೇಲೆ ಕರೆಂಟ್ ಹೋದಾಗ ತರಗತಿಗಳು ನಡೆಯುತ್ತವೆಯೇ? ಡೀಸೆಲ್ ಖರ್ಚು ಉಳಿಯುತ್ತದೆಯೇ?

ಗ್ರಿಡ್‌ಗೆ ಜೋಡಿಸಿದ, ಬ್ಯಾಟರಿಯಿಲ್ಲದ ಘಟಕ ಕರೆಂಟ್ ಹೋದ ಕ್ಷಣವೇ ತಾನೂ ನಿಲ್ಲುತ್ತದೆ. ಇದು ದೋಷವಲ್ಲ, ಲೈನ್ ದುರಸ್ತಿಗೆ ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ಚಾವಣಿಯ ವಿದ್ಯುತ್ತು ತಗುಲಬಾರದೆಂದು ಇನ್ವರ್ಟರ್ ಒಳಗೇ ಮಾಡಿರುವ ಕಡ್ಡಾಯ ವ್ಯವಸ್ಥೆ. ಹೀಗಾಗಿ ನಡುಹಗಲಲ್ಲಿ ಒಂದು ಗಂಟೆ ವಿದ್ಯುತ್ ಕಡಿತವಾದರೆ ಆ ಗಂಟೆಯ ಸುಮಾರು 20 ಯೂನಿಟ್ ಉತ್ಪಾದನೆಯೂ ಹೋಗುತ್ತದೆ. ಹಗಲು ಕಡಿತ ಜಾಸ್ತಿ ಇರುವ ಊರಿನಲ್ಲಿ ವರ್ಷದ 42,000 ಯೂನಿಟ್ ಅಂದಾಜನ್ನು ಅದಕ್ಕೆ ತಕ್ಕಂತೆ ಇಳಿಸಿಕೊಳ್ಳಬೇಕು.

ಜನರೇಟರ್ ಓಡುವಾಗ ಅದರೊಂದಿಗೆ ಫಲಕಗಳನ್ನೂ ಸೇರಿಸಿ ಡೀಸೆಲ್ ಉಳಿಸಲು ಪ್ರತ್ಯೇಕ ನಿಯಂತ್ರಕ ಬೇಕು. ಅದಿಲ್ಲದೆ ಸುಮ್ಮನೆ ಜೋಡಿಸಿದರೆ ಬಳಕೆ ಕಡಿಮೆಯಾದ ಕ್ಷಣದಲ್ಲಿ ವಿದ್ಯುತ್ತು ಹಿಂದಕ್ಕೆ ಹರಿದು ಜನರೇಟರ್ ಕೆಡುತ್ತದೆ. ಈ ಬಜೆಟ್‌ನಲ್ಲಿ ಆ ನಿಯಂತ್ರಕ ಇಲ್ಲ, ಆದ್ದರಿಂದ ಡೀಸೆಲ್ ಉಳಿತಾಯವನ್ನೂ ತೋರಿಸಿಲ್ಲ.

ದರಪಟ್ಟಿಗಳನ್ನು ಹೋಲಿಸುವಾಗ ಏನನ್ನು ನೋಡಬೇಕು?

ಮೊದಲು ‘30 ಕಿಲೋವ್ಯಾಟ್’ ಎಂದರೆ ಫಲಕಗಳದ್ದೋ ಇನ್ವರ್ಟರ್‌ನದ್ದೋ ಎಂದು ಲಿಖಿತವಾಗಿ ಕೇಳಬೇಕು. ಉತ್ಪಾದನೆಯ ಲೆಕ್ಕ ನಿಂತಿರುವುದು ಫಲಕಗಳ ಒಟ್ಟು ಸಾಮರ್ಥ್ಯದ ಮೇಲೆ. 550 ವ್ಯಾಟ್‌ನ ಫಲಕಗಳಾದರೆ 55 ಫಲಕಗಳು ಇರಬೇಕು. 30 ಕಿಲೋವ್ಯಾಟ್ ಇನ್ವರ್ಟರ್ ಇಟ್ಟು 48 ಫಲಕ ಹಾಕಿದರೆ ಅದು 26.4 ಕಿಲೋವ್ಯಾಟ್ ಘಟಕ, ದರ ಅಗ್ಗವಾಗಿ ಕಂಡದ್ದು ಅಷ್ಟಕ್ಕೇ. ಫಲಕಗಳ ಮಾದರಿ ಕೇಂದ್ರದ ಹೊಸ ಮತ್ತು ನವೀಕರಿಸಬಹುದಾದ ಇಂಧನ ಸಚಿವಾಲಯದ ಅನುಮೋದಿತ ಪಟ್ಟಿಯಲ್ಲಿದೆಯೇ ಎಂಬುದನ್ನು ಆದೇಶಕ್ಕೆ ಮೊದಲೇ ನೋಡಿಕೊಳ್ಳಬೇಕು.

ಹಣ ಪಾವತಿಯ ಕಂತುಗಳನ್ನು ಕೆಲಸದ ಹಂತಕ್ಕೆ ಕಟ್ಟಬೇಕು. ಸರಕು ಚಾವಣಿಗೆ ಏರಿದ ದಿನವೇ ಶೇ. 90 ಕೊಟ್ಟ ಸಂಸ್ಥೆಗಳಲ್ಲಿ ಮೀಟರ್ ಅಳವಡಿಕೆಗೆ ಓಡಾಡುವವರು ಕಾಲೇಜಿನ ಗುಮಾಸ್ತರೇ ಆಗಿರುತ್ತಾರೆ. ವಿದ್ಯುತ್ ಕಂಪನಿಗೆ ಅರ್ಜಿ, ಸ್ಥಳ ಪರಿಶೀಲನೆ, ಒಪ್ಪಂದಕ್ಕೆ ಸಹಿ, ಜೋಡಣೆ, ಪರಿವೀಕ್ಷಣೆ, ಮೀಟರ್ ಪರೀಕ್ಷೆ, ಕೊನೆಗೆ ಗ್ರಿಡ್‌ಗೆ ಸಂಪರ್ಕ: ಈ ದಾರಿ ಮುಗಿಯುವವರೆಗೆ ಕಾಲು ಭಾಗವಾದರೂ ಹಣ ನಮ್ಮಲ್ಲೇ ಉಳಿದಿರಲಿ, ಅದರಲ್ಲಿ ಶೇ. 5 ಮೊದಲ ಮೂರು ಬಿಲ್ಲು ಸರಿಯಾಗಿ ಬರುವ ತನಕ ತಡೆದಿರಲಿ.

ನಿರೀಕ್ಷಿಸಿದ ಉಳಿತಾಯ ಬರುತ್ತಿಲ್ಲವೆಂದು ಹೇಗೆ ತಿಳಿಯುವುದು?

ಮೊಬೈಲ್ ಆ್ಯಪ್ ತೋರಿಸುವುದು ಇನ್ವರ್ಟರ್ ಉತ್ಪಾದಿಸಿದ್ದನ್ನು ಮಾತ್ರ, ಬಿಲ್ಲಿನಲ್ಲಿ ಉಳಿದದ್ದನ್ನಲ್ಲ. ಆದ್ದರಿಂದ ಕಚೇರಿಯಲ್ಲಿ ಒಂದು ವಹಿ ಇಟ್ಟು, ಮೀಟರ್ ರೀಡರ್ ಬರುವ ದಿನವೇ ಮೂರು ಅಂಕಿಗಳನ್ನು ಬರೆದುಕೊಳ್ಳಬೇಕು: ಸೌರ ಮೀಟರ್‌ನ ಉತ್ಪಾದನೆ, ಗ್ರಿಡ್‌ನಿಂದ ಪಡೆದದ್ದು, ಗ್ರಿಡ್‌ಗೆ ಕೊಟ್ಟದ್ದು. ಉತ್ಪಾದನೆಯಿಂದ ಗ್ರಿಡ್‌ಗೆ ಕೊಟ್ಟದ್ದನ್ನು ಕಳೆದು, ಗ್ರಿಡ್‌ನಿಂದ ಪಡೆದದ್ದನ್ನು ಕೂಡಿಸಿದರೆ ಆ ತಿಂಗಳ ನಿಜವಾದ ಬಳಕೆ ಸಿಗುತ್ತದೆ. ಅದು ಹಿಂದಿನ ವರ್ಷದ ಅದೇ ತಿಂಗಳಿಗಿಂತ ಬಹಳ ಏರಿದ್ದರೆ ತಪ್ಪು ಫಲಕದ್ದಲ್ಲ. ಕರೆಂಟ್ ಬಿಟ್ಟಿ ಎಂಬ ಭಾವನೆಯಿಂದ ಎಸಿ, ಗೀಸರ್‌ಗಳು ಸದ್ದಿಲ್ಲದೆ ಬಂದು ಕೂತಿರುತ್ತವೆ.

ಬಳಕೆ ಏರದೆ ಉತ್ಪಾದನೆಯೇ ಇಳಿದಿದ್ದರೆ ಇಳಿದ ರೀತಿಯನ್ನು ನೋಡಬೇಕು. ವಾರದಿಂದ ವಾರಕ್ಕೆ ಸ್ವಲ್ಪಸ್ವಲ್ಪವೇ ಇಳಿದು ಮಳೆ ಬಂದ ಮರುದಿನ ಚೇತರಿಸಿಕೊಂಡರೆ ಅದು ಧೂಳು. ಒಂದೇ ದಿನದಲ್ಲಿ ಮೂರನೆಯ ಒಂದು ಭಾಗವೋ ಕಾಲು ಭಾಗವೋ ಬಿದ್ದು ಹಾಗೆಯೇ ನಿಂತರೆ ಫಲಕಗಳ ಒಂದು ಸಾಲು ಕಡಿದುಹೋಗಿದೆ, ಫ್ಯೂಸ್ ಅಥವಾ ಕನೆಕ್ಟರ್ ನೋಡಿಸಬೇಕು. ಪ್ರತಿದಿನ ಒಂದೇ ಹೊತ್ತಿಗೆ ಗ್ರಾಫ್‌ನಲ್ಲಿ ಹಳ್ಳ ಬಿದ್ದರೆ ಮರವೋ ಟ್ಯಾಂಕೋ ನೆರಳು ಹಾಯಿಸುತ್ತಿದೆ. ತೊಳೆಯುವುದು ಬೆಳಗಿನ ತಂಪಿನಲ್ಲೇ ಆಗಬೇಕು. ಕಾದ ಗಾಜಿಗೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು, ಗಡಸು ಬೋರ್‌ವೆಲ್ ನೀರನ್ನು ಒರೆಸದೆ ಬಿಟ್ಟರೆ ಬಿಳಿ ಕಲೆ ಕೂತು ಧೂಳಿಗಿಂತ ಕೆಟ್ಟದಾಗಿ ಬೆಳಕನ್ನು ತಡೆಯುತ್ತದೆ.

ಇನ್ನು ಬಿಲ್ಲಿನಲ್ಲಿ ಹೊಸದಾಗಿ ಪವರ್ ಫ್ಯಾಕ್ಟರ್ ದಂಡ ಕಾಣಿಸಿಕೊಂಡರೆ ಗಾಬರಿಯಾಗಬೇಕಿಲ್ಲ. ಹಗಲಿನ ಬಳಕೆಯ ಬಹುಪಾಲನ್ನು ಫಲಕಗಳೇ ಪೂರೈಸುವಾಗ ಗ್ರಿಡ್‌ನಿಂದ ಬರುವುದು ಸ್ವಲ್ಪವೇ, ಆದರೆ ಪಂಪು–ಫ್ಯಾನುಗಳ ಮೋಟಾರಿನಲ್ಲಿ ಕಾಂತಕ್ಷೇತ್ರ ಉಂಟುಮಾಡಲು ಬೇಕಾದ, ನೇರ ಕೆಲಸಕ್ಕೆ ಬಾರದ ಪ್ರತಿಘಾತಕ ಶಕ್ತಿಯೆಲ್ಲ ಗ್ರಿಡ್‌ನಿಂದಲೇ ಬರುತ್ತಿರುತ್ತದೆ. ಹಾಗಾಗಿ ಗ್ರಿಡ್‌ನಿಂದ ಪಡೆದದ್ದರಲ್ಲಿ ನಿಜವಾಗಿ ಕೆಲಸಕ್ಕೆ ಬಂದ ವಿದ್ಯುತ್ತಿನ ಅನುಪಾತ, ಅಂದರೆ ಪವರ್ ಫ್ಯಾಕ್ಟರ್, ಕೆಡುತ್ತದೆ. ಇನ್ವರ್ಟರ್‌ನ ಹೊಂದಾಣಿಕೆ ಬದಲಿಸಿ ಅಥವಾ ಕೆಪಾಸಿಟರ್ ಸರಿಪಡಿಸಿ ಇದನ್ನು ನಿವಾರಿಸಬಹುದು. ಗುತ್ತಿಗೆಯ ಪತ್ರದಲ್ಲೇ ಈ ಹೊಣೆ ಯಾರದೆಂದು ಬರೆದಿದ್ದರೆ ಖರ್ಚು ನಮ್ಮದಾಗುವುದಿಲ್ಲ.

ಎಲ್ಲ ಸರಿಯಾಗಿ ನಡೆದರೆ ಮೊದಲ ಪೂರ್ಣ ವರ್ಷದ ಬಿಲ್ಲು ಎಷ್ಟಿರುತ್ತದೆ?

ನಿಗದಿತ ಶುಲ್ಕ 1,20,000 ಹಾಗೆಯೇ ಇರುತ್ತದೆ. ಫಲಕಗಳಿಂದ ಪೂರೈಕೆಯಾಗದೆ ಉಳಿದ 3,960 ಯೂನಿಟ್‌ಗೆ 29,700 ಕಟ್ಟಬೇಕು, ಮಾರಾಟವಾದ 5,960 ಯೂನಿಟ್‌ಗೆ 17,880 ಜಮೆಯಾಗುತ್ತದೆ. ಹೀಗೆ 4,20,000 ಇದ್ದ ಬಿಲ್ಲು 1,31,820ಕ್ಕೆ ಬರುತ್ತದೆ, ಮತ್ತು ಅದರ ಬಹುಭಾಗ ನಿಗದಿತ ಶುಲ್ಕವೇ ಆಗಿರುತ್ತದೆ. ‘ಬಿಲ್ಲು ಸೊನ್ನೆಯಾಗುತ್ತದೆ ಎಂದಿದ್ದಿರಲ್ಲ’ ಎಂದು ಮುಂದಿನ ವಾರ್ಷಿಕ ಸಭೆಯಲ್ಲಿ ಯಾರೂ ಕೇಳದಿರಲು ಈ ಅಂಕಿಯನ್ನು ಈಗಿನ ನಡಾವಳಿಯಲ್ಲೇ ದಾಖಲಿಸಬೇಕು.